ಎಸ್ಸಿಟಾಲೋಪ್ರಾಮ್: ಗುಣ ತಡವೇಕೆ, ನಿಲ್ಲಿಸುವುದು ಹೇಗೆ?

ಪ್ರಶ್ನೆ: ಖಿನ್ನತೆಗೆ ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ ಶುರುಮಾಡಿ ಹತ್ತು ದಿನವಾಯ್ತು. ಗುಣ ಕಾಣುತ್ತಿಲ್ಲ, ಹೊಟ್ಟೆ ತೊಳಸುತ್ತೆ. ಬಿಟ್ಟುಬಿಡಲೇ?

ಉತ್ತರ: ನೀವಾಗಿ ಬಿಡಬೇಡಿ. ಮಾತ್ರೆ ಮೊದಲ ದಿನವೇ ನರಕೋಶಗಳ ನಡುವೆ ಸಂದೇಶ ಸಾಗಿಸುವ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಆದರೆ ಸಿರೊಟೋನಿನ್ ಬಿಡುವ ಕೋಶಗಳಲ್ಲೇ ಅದರ ಮಟ್ಟ ಗಮನಿಸುವ ಗ್ರಾಹಕಗಳಿವೆ. ಮಟ್ಟ ಏರಿದೊಡನೆ ಅವು ಬಿಡುಗಡೆಯನ್ನು ತಗ್ಗಿಸುತ್ತವೆ. ಈ ತಡೆ ಸಡಿಲಗೊಳ್ಳಲು ವಾರಗಳು ಬೇಕು. ತಡಕ್ಕೆ ಇದೊಂದು ಮುಖ್ಯ ವಿವರಣೆ. ನಾಲ್ಕು ವಾರವಾದರೂ ಏನೂ ಬದಲಾಗದಿದ್ದರೆ ಡಾಕ್ಟರ ಬಳಿ ಡೋಸ್ ಬಗ್ಗೆ ಮಾತಾಡಿ.

ದೇಹದ ಸಿರೊಟೋನಿನ್ ಬಹುಪಾಲು ಇರುವುದು ಕರುಳಿನಲ್ಲಿ, ಅದಕ್ಕೇ ಈ ಹೊಟ್ಟೆ ತೊಳಸು. ಊಟದ ನಂತರ ಮಾತ್ರೆ ತೆಗೆದುಕೊಳ್ಳಿ; ಸಾಮಾನ್ಯವಾಗಿ ಎರಡು ವಾರದೊಳಗೆ ತಗ್ಗುತ್ತದೆ. ಲೈಂಗಿಕ ಆಸಕ್ತಿ ಕುಗ್ಗುವುದು ಮಾತ್ರ ಹಾಗೇ ಉಳಿಯಬಹುದು, ಸಂಕೋಚಪಡದೆ ಹೇಳಿ. ಸಹಿಸಲಾಗದ ಚಡಪಡಿಕೆ ಅಥವಾ ಸಾಯುವ ಯೋಚನೆ ಬಂದರೆ ಅದೇ ದಿನ ಡಾಕ್ಟರನ್ನು ಕಾಣಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲುರಾತ್ರಿ ಸಿಗುತ್ತದೆ.

ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿ. ಆಮೇಲೆ ಡಾಕ್ಟರ ಜೊತೆ 10ರಿಂದ 5, ಕೆಲವು ವಾರ ಬಿಟ್ಟು 2.5, ಹೀಗೆ ಇಳಿಸಬೇಕು. ಕೊನೆಯ ಹೆಜ್ಜೆಗಳೇ ಕಷ್ಟ: 10ರಿಂದ 5ಕ್ಕೆ ಬಂದಾಗ ಮೆದುಳಿನ ಮೇಲಿನ ಪರಿಣಾಮ ಸ್ವಲ್ಪವೇ ತಗ್ಗುತ್ತದೆ, 5ರಿಂದ ಸೊನ್ನೆಗೆ ಇಳಿದಾಗ ಬಹಳ. ದಿನ ಬಿಟ್ಟು ದಿನ ನುಂಗುವುದು ಬೇಡ, ರಕ್ತದಲ್ಲಿ ಔಷಧಿಯ ಮಟ್ಟ ಏರಿಳಿಯುತ್ತದೆ. ಇಳಿಸಿದ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂಥ ಜುಮ್ಮು ಬಂದರೆ ಬಹುಶಃ ಅದು ಔಷಧಿ ಬಿಡುವಿಕೆಯ ಲಕ್ಷಣ. ಹಿಂದಿನ ಡೋಸ್‌ಗೆ ಮರಳಿದರೆ ಬೇಗ ಶಮನವಾಗುತ್ತದೆ. ಖಿನ್ನತೆ ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರಗಳ ನಂತರ, ನಿಧಾನವಾಗಿ.