ಅಜ್ಜಿಗೆ ಇಂಗ್ಲಿಷ್ ಬರೋದು ಬೇಡ

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಐದು ವರ್ಷದ ಮಗಳಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲೇ. ಮೊಮ್ಮಗಳು ಅಜ್ಜಿಯ ಊರಿಗೆ ಹೋದ ಕಥೆ, ಮಲಗೋ ಹೊತ್ತಿಗೆ ಹೇಳೋಕೆ, ಪ್ರತಿ ವಾಕ್ಯ ಎರಡೂ ಭಾಷೆಯಲ್ಲಿ ಇರೋ ಹಾಗೆ ಯಾರಾದ್ರೂ ಬರೆದುಕೊಡ್ತೀರಾ?

ಕಥೆ ಕೊಡ್ತೀನಿ, ಆದ್ರೆ ಪ್ರತಿ ವಾಕ್ಯವನ್ನೂ ಎರಡು ಸಲ ಹೇಳೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಕನ್ನಡದ ಸಾಲು ಮುಗಿದ ತಕ್ಷಣ ಅದೇ ಇಂಗ್ಲಿಷಲ್ಲಿ ಬರುತ್ತೆ ಅಂತ ಮಗು ಬೇಗ ಕಂಡುಕೊಳ್ಳುತ್ತೆ. ಆಮೇಲೆ ಕನ್ನಡ ನಡೀತಿರುವಾಗ ದಿಂಬಿನ ಮೂಲೆ ಎಳೀತಾ ಕೂತು, ಇಂಗ್ಲಿಷ್ ಬಂದಾಗ ಮಾತ್ರ ಕಿವಿ ಕೊಡುತ್ತೆ. ಜೊತೆಗೆ ಕಥೆ ಎರಡರಷ್ಟು ಉದ್ದ ಆಗುತ್ತೆ, ನಗು ಬರೋ ಜಾಗದಲ್ಲಿ ಎರಡನೇ ಸಲ ಯಾರೂ ನಗಲ್ಲ. ಈಗಾಗಲೇ ಹೀಗಾಗಿದೆಯಾ ಅಂತ ತಿಳಿಯೋಕೆ ಒಂದು ಕಡೆ ಇಂಗ್ಲಿಷ್ ಬಿಟ್ಟು ಸುಮ್ಮನಾಗಿ. ಮಗು ಮುಂದೇನು ಅನ್ನೋ ಬದಲು ನಿಮ್ಮ ಮುಖ ನೋಡ್ತಾ ಕಾದರೆ, ಆಗಿದೆ ಅಂತಲೇ ಅರ್ಥ.

ಭಾಷೆಯನ್ನು ವಾಕ್ಯಕ್ಕೆ ಹಂಚಬೇಡಿ, ಪಾತ್ರಕ್ಕೆ ಹಂಚಿ. ಅಜ್ಜಿಗೆ ಕನ್ನಡ ಮಾತ್ರ. ಮೊಮ್ಮಗಳು ನಿಮ್ಮ ಮಗಳ ಹಾಗೇ ಇಂಗ್ಲಿಷಲ್ಲಿ ಉತ್ತರ ಕೊಡಲಿ. ಅಜ್ಜಿ ಹೇಳಿದ್ದೇನು ಅನ್ನೋದು ಆ ಉತ್ತರದಿಂದ ಗೊತ್ತಾಗಬೇಕು, ಅನುವಾದದಿಂದ ಅಲ್ಲ. ಕಥೆ ಹೇಳೋ ನೀವು ಆಡುಮಾತಿನ ಕನ್ನಡದಲ್ಲೇ ಇರಿ.

ನಿಮಗೆ ರಜೆ ಸಿಗೋದು ಜೂನ್‌ನಿಂದ ಆಗಸ್ಟ್, ಅಂದ್ರೆ ನಮ್ಮ ಮಲೆನಾಡಲ್ಲಿ ಜಡಿಮಳೆ. ಆದ್ದರಿಂದ ಮಾವಿನ ಮರ ಹತ್ತಿಸೋದು ಬಿಟ್ಟು ಅಜ್ಜಿಯನ್ನು ಬಚ್ಚಲ ಒಲೆ ಮುಂದೆ ಕೂರಿಸಿದ್ದೀನಿ. ಬೇಸಿಗೆ ಬಿಸಿಲಲ್ಲಿ ಒಣಗಿಸಿ ಡಬ್ಬಿ ತುಂಬಿದ ಹಲಸಿನಕಾಯಿ ಹಪ್ಪಳ ಹೊರಬರೋದು ಇದೇ ಹೊತ್ತಿಗೆ.

ಶಿರಸಿ ಹತ್ತಿರ ಅಜ್ಜಿ ಮನೆ. ಧೋ ಅಂತ ಮಳೆ. ಅನು ಚಪ್ಪಲಿ ಪಚಕ್ ಪಚಕ್ ಅನ್ನಿಸ್ತಾ ಒಳಗೆ ಬಂದ್ಲು. ಅಜ್ಜಿ ಅವಳನ್ನ ಬಚ್ಚಲ ಒಲೆ ಹತ್ರ ಕೂರಿಸಿದ್ರು. ಮೇಲೆ ಹಂಡೆ, ಕೆಳಗೆ ಬೆಂಕಿ ಧಗಧಗ.
"ಚಳಿ ಆಗ್ತಿದ್ಯಾ ಕೂಸೇ?"
"ಯೆಸ್ ಅಜ್ಜಿ, ಐ ಆಮ್ ಸೋ ಕೋಲ್ಡ್!"
"ಹಪ್ಪಳ ಸುಡೋಣ್ವಾ?"
"ಕ್ಯಾನ್ ಐ ಡೂ ಇಟ್? ಪ್ಲೀಸ್!"
ಅನು ಗಬಕ್ಕನೆ ಒಂದು ಹಪ್ಪಳ ಬೆಂಕಿಗೇ ಹಿಡಿದ್ಲು. ಭಗ್!
"ಓ ನೋ, ಇಟ್ಸ್ ಆಲ್ ಬ್ಲ್ಯಾಕ್!"
"ತಡಿ ತಡಿ ಕೂಸೇ, ಕೆಂಡ ಆಗಲಿ!"
ಅನು ಹತ್ತರವರೆಗೆ ಎಣಿಸಿದ್ಲು. ಬೆಂಕಿ ಇನ್ನೂ ಕುಣೀತಿತ್ತು. ಇನ್ನೊಂದು ಹಿಡಿದ್ಲು. ಭಗ್!
"ನಾಟ್ ಅಗೇನ್!"
"ತಡಿ ತಡಿ ಕೂಸೇ, ಕೆಂಡ ಆಗಲಿ!"
ಹೊರಗೆ ಕಪ್ಪೆ ವಟರ್ ವಟರ್ ಅಂತು. ಬೆಂಕಿ ಸಣ್ಣಗಾಯ್ತು. ಒಲೆ ತುಂಬ ಕೆಂಪು ಕೆಂಡ.
"ಅಜ್ಜಿ, ಈಸ್ ಇಟ್ ರೆಡಿ?"
"ಹೂಂ, ಈಗ ಹಾಕು. ತಿರುಗಿಸು, ತಿರುಗಿಸು, ತೆಗಿ!"
ಹಪ್ಪಳ ಗುಳ್ಳೆ ಗುಳ್ಳೆಯಾಗಿ ಉಬ್ಬಿತು. ಕರುಂ ಕುರುಂ!
"ಒನ್ ಮೋರ್, ಅಜ್ಜಿ!"

ಧೋ, ಭಗ್, ಕರುಂ ಕುರುಂ ಅಂತ ಅಷ್ಟೊಂದು ಸದ್ದು ತುಂಬಿರೋದು ಬೇಕಂತಲೇ. ಸದ್ದಿಗೆ ಅನುವಾದ ಬೇಡ, ಪಕ್ಕದ ಪದವನ್ನೂ ಅದು ಎಳ್ಕೊಂಡು ಬರುತ್ತೆ. ಹಪ್ಪಳ ಹತ್ತಿ ಉರಿಯೋದೂ ಸುಮ್ಮನೆ ಹಾಕಿದ್ದಲ್ಲ. ಜ್ವಾಲೆಗೆ ಹಿಡಿದರೆ ಹಪ್ಪಳದ ಅಂಚು ಕರಟುತ್ತೆ, ನಡುಭಾಗ ಹಸಿಯಾಗೇ ಉಳಿಯುತ್ತೆ. ಕೆಂಡದ ಶಾಖ ಎಲ್ಲ ಕಡೆ ಒಂದೇ ಸಮ, ಅಲ್ಲೂ ಕೈ ಬಿಡದೆ ತಿರುಗಿಸ್ತಾ ಇರಬೇಕು. ಹಾಗಾಗಿ "ಕೆಂಡ ಆಗಲಿ" ಅನ್ನೋ ಮಾತಿಗೆ ಕಥೆಯೊಳಗೇ ಕಾರಣ ಇದೆ, ಅರ್ಥ ಹೇಳದೇ ಮಗುವಿಗೆ ಹೊಳೆಯುತ್ತೆ.

"ಕೂಸೇ" ಜಾಗದಲ್ಲಿ ನಿಮ್ಮ ಅತ್ತೆಯೋ ಅಮ್ಮನೋ ಫೋನಲ್ಲಿ ನಿಜಕ್ಕೂ ಕರೆಯೋ ಹಾಗೇ ಹಾಕಿ: ಪುಟ್ಟೀ, ತಂಗೀ, ಮಗಾ, ಯಾವುದಾದ್ರೂ. ಅಜ್ಜಿ ಮನೇಲಿ ಬಚ್ಚಲ ಒಲೆ ಇಲ್ಲ, ಗೀಸರ್ ಬಂದಿದೆ ಅಂದ್ರೆ ಈ ಕಥೆಯನ್ನೇ ಬಿಡಿ, ಅವರ ಮನೇಲಿ ಇರೋದನ್ನೇ ಇಟ್ಟು ಇದೇ ಥರ ಕಟ್ಟಿ. ಇಲ್ಲದಿದ್ರೆ ಊರಿಗೆ ಹೋದಾಗ ಮಗು ಒಲೆ ಎಲ್ಲಿ ಅಂತ ಹುಡುಕುತ್ತೆ.

ಮೊದಲ ಕೆಲವು ರಾತ್ರಿ ಪೂರ್ತಿ ಹೇಳಿ. ಆಮೇಲೆ "ತಡಿ ತಡಿ" ಅಂತ ಹೇಳಿ ನಿಲ್ಲಿಸಿ, ಉಳಿದದ್ದನ್ನ ಅವಳೇ ಮುಗಿಸಲಿ. ಬಾಯಿ ಬಿಡದಿದ್ರೆ ಒತ್ತಾಯ ಬೇಡ, ನೀವೇ ಹೇಳಿ ಮುಂದೆ ಹೋಗಿ. ಅದು ಬಂದ ಮೇಲೆ ಪಾತ್ರ ಅದಲು ಬದಲು ಮಾಡಿ: ಅವಳು ಅಜ್ಜಿ, ನೀವು ಅನು. ಅಜ್ಜಿಗೆ ಇಂಗ್ಲಿಷ್ ಬರಲ್ವಲ್ಲ, ಹಾಗಾಗಿ ಅವಳು ಕನ್ನಡದಲ್ಲೇ ಗದರಿಸಬೇಕು.