ವಿಲ್‌ನಲ್ಲಿ ನಾನೇ ಎಕ್ಸಿಕ್ಯೂಟರ್, ದೊಡ್ಡಪ್ಪನ ಸಾಲ ನನ್ನ ತಲೆಗೆ ಬರುತ್ತಾ?

"ದೊಡ್ಡಪ್ಪ ತೀರ್ಕೊಂಡು ಒಂದು ತಿಂಗಳಾಯ್ತು, ವಿಲ್‌ನಲ್ಲಿ ನನ್ನನ್ನ ಎಕ್ಸಿಕ್ಯೂಟರ್ ಅಂತ ಬರ್ದಿದಾರೆ. ಸೈನ್ ಹಾಕಿ ಹಂಚೋ ಕೆಲಸ ತಾನೆ? ಕಸಿನ್ಸ್ ದುಡ್ಡು ಬೇಗ ಕೊಡು ಅಂತಿದಾರೆ. ಸಾಲ ಏನಾದ್ರೂ ಇದ್ರೆ ನಾನು ಕಟ್ಬೇಕಾ?"

ಎಕ್ಸಿಕ್ಯೂಟರ್ ಅಂದ್ರೆ ವಿಲ್ ಜಾರಿ ಮಾಡೋ ಹೊಣೆ ಹೊತ್ತೋನು. ಹಂಚೋದು ಅವನ ಕಟ್ಟಕಡೇ ಕೆಲಸ, ನೀವು ಅದನ್ನೇ ಮೊದಲು ಅಂದ್ಕೊಂಡಿದೀರ. ನಾನೂ ಹಂಗೇ ಮಾಡಿ 2.7 ಲಕ್ಷ ಕಳ್ಕೊಂಡೆ.

ನಮ್ಮ ಸೋದರಮಾವ ತುಮಕೂರಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಕೊಂಡಿದ್ರು. ಮಕ್ಕಳಿಲ್ಲ. ವಿಲ್‌ನಲ್ಲಿ ಮನೆ ಅವರ ತಂಗಿಗೆ, ಉಳಿದ ದುಡ್ಡು ಮೂರು ಜನ ಕಸಿನ್ಸ್‌ಗೆ ಸಮವಾಗಿ, ನಾನು ಎಕ್ಸಿಕ್ಯೂಟರ್. ನನಗೆ ಒಂದು ಪೈಸೆ ಇಲ್ಲ, ಕೆಲಸ ಮಾತ್ರ. ಬ್ಯಾಂಕಲ್ಲಿ ಎಫ್‌ಡಿ, ಎಸ್‌ಬಿ ಸೇರಿ 24 ಲಕ್ಷ ಇತ್ತು. ಒಬ್ಬ ಕಸಿನ್ ನಾಮಿನಿ ಆಗಿದ್ದ, ಅದಕ್ಕೇ ದುಡ್ಡೆಲ್ಲ ತನ್ನದು ಅಂತ ಕೂತಿದ್ದ. ನಾಮಿನಿ ಅಂದ್ರೆ ಬ್ಯಾಂಕಿಂದ ಇಸ್ಕೊಳ್ಳೋಕೆ ಹಕ್ಕಿರೋನು ಅಷ್ಟೇ, ದುಡ್ಡು ವಿಲ್ ಪ್ರಕಾರನೇ ಹೋಗ್ಬೇಕು ಅಂತ ಅವನಿಗೆ ಅರ್ಥ ಮಾಡ್ಸೋ ಹೊತ್ತಿಗೆ ಸಾಕಾಯ್ತು. ಎಲ್ಲಾನೂ ಬೇರೆ ಒಂದು ಅಕೌಂಟ್‌ಗೆ ಹಾಕ್ಸಿದೆ, ನನ್ನ ಸ್ವಂತ ದುಡ್ಡಿನ ಜೊತೆ ಬೆರೆಸ್ಲಿಲ್ಲ. ನೀವೂ ಹಂಗೇ ಮಾಡಿ. ಅವರ ಎಟಿಎಂ ಕಾರ್ಡು, ಯುಪಿಐ ಮುಟ್ಟಲೇಬೇಡಿ, ಪಿನ್ ಗೊತ್ತಿದ್ರೂ.

ಬರಬೇಕಾದ ಬಾಕಿ ವಸೂಲಿ ಮಾಡೋದೂ ನಿಮ್ಮ ತಲೆ ಮೇಲೇ ಇರುತ್ತೆ. ಮಾವ ಸ್ನೇಹಿತರೊಬ್ರಿಗೆ ಪ್ರಾಮಿಸರಿ ನೋಟ್ ಮೇಲೆ 3 ಲಕ್ಷ ಕೊಟ್ಟಿದ್ರು, ಕೇಳಿದಾಗ ಕೊಡ್ಬೇಕು ಅನ್ನೋ ನೋಟು. ಅಂಥದ್ದಕ್ಕೆ ನೋಟಿನ ತಾರೀಖಿಂದ 3 ವರ್ಷ ವಾಯಿದೆ, ನಾನು ನೋಡಿದಾಗ ಕೆಲವೇ ತಿಂಗಳು ಉಳಿದಿತ್ತು. ಸುಮ್ನಿದ್ದು ವಾಯಿದೆ ಮೀರಿದ್ರೆ ಆ ನಷ್ಟ ಎಕ್ಸಿಕ್ಯೂಟರ್ ತುಂಬ್ಕೊಡ್ಬೇಕಾಗುತ್ತೆ ಅಂತ 1925ರ ಇಂಡಿಯನ್ ಸಕ್ಸೆಷನ್ ಆಕ್ಟ್ ನೇರವಾಗೇ ಹೇಳುತ್ತೆ. ಲಾಯರ್ ನೋಟಿಸ್ ಕೊಟ್ಟ ಮೇಲೆ ಆ ಮನುಷ್ಯ ಕಟ್ಟಿದ್ರು. ಕಟ್ಟದೇ ಇದ್ದಿದ್ರೆ ಕೋರ್ಟಿಗೆ ಹೋಗ್ಬೇಕಿತ್ತು, ಅಲ್ಲಿ ಪ್ರೊಬೇಟ್, ಅಂದ್ರೆ ವಿಲ್ ಸರಿಯಾದದ್ದು ಅಂತ ಕೋರ್ಟ್ ಕೊಡೋ ದೃಢೀಕರಣ, ಇಲ್ಲಾ ಸಕ್ಸೆಷನ್ ಸರ್ಟಿಫಿಕೇಟ್, ಅಂದ್ರೆ ಸತ್ತೋರ ಬಾಕಿ ವಸೂಲಿಗೆ ಕೋರ್ಟ್ ಕೊಡೋ ಪತ್ರ, ಇವೆರಡರಲ್ಲಿ ಒಂದಾದ್ರೂ ಇಲ್ಲದೆ ಡಿಕ್ರಿ ಕೊಡಲ್ಲ. ಬೆಂಗಳೂರು, ತುಮಕೂರು ಕಡೆ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಅಲ್ಲ ಅಂತ ಎಲ್ರೂ ಹೇಳ್ತಾರೆ, ನಿಜಾನೇ, ಆದ್ರೆ ಇಂಥ ಜಾಗದಲ್ಲಿ ಬೇಕಾಗುತ್ತೆ.

ಒಟ್ಟು 27 ಲಕ್ಷ ಆಯ್ತು. ಕೊಡೋದಕ್ಕೂ ಒಂದು ಸಾಲು ಇದೆ, ಯಾರು ಜೋರಾಗಿ ಕೂಗ್ತಾರೋ ಅವರಿಗೆ ಮೊದಲು ಅಂತಲ್ಲ. ಮೊದಲು ಅಂತ್ಯಕ್ರಿಯೆ ಖರ್ಚು, ಕೊನೇ ಕಾಯಿಲೆ ಆಸ್ಪತ್ರೆ ಬಿಲ್ಲು, ಆಮೇಲೆ ಪ್ರೊಬೇಟ್ ಖರ್ಚು ಇದ್ರೆ ಅದು, ಆಮೇಲೆ ಸಾಯೋಕೆ ಮುಂಚಿನ 3 ತಿಂಗಳ ಕೆಲಸದೋರ ಸಂಬಳ ಬಾಕಿ, ಆಮೇಲೆ ಉಳಿದ ಸಾಲಗಳು. ಎಲ್ಲಾ ಸಾಲಕ್ಕೂ ದುಡ್ಡು ಸಾಲದೇ ಹೋದ್ರೆ ಒಬ್ಬನಿಗೆ ಪೂರ್ತಿ ಇನ್ನೊಬ್ಬನಿಗೆ ಸೊನ್ನೆ ಅನ್ನೋ ಹಾಗಿಲ್ಲ, ಸಾಲದ ಪ್ರಮಾಣಕ್ಕೆ ತಕ್ಕಂತೆ ಹಂಚ್ಬೇಕು. ಅಂತ್ಯಕ್ರಿಯೆ ಖರ್ಚು ಅಂದ್ರೆ ಅವರ ಅಂತಸ್ತಿಗೆ ತಕ್ಕಷ್ಟು, ಮಿತವಾಗಿ. ನಮ್ಮೋರು ವೈಕುಂಠ ಸಮಾರಾಧನೆಗೆ ಛತ್ರ ಮಾಡಿ ಊರಿಗೇ ಊಟ ಹಾಕೋಣ, ಮಾವನ ದುಡ್ಡಲ್ವಾ ಅಂದ್ರು. ಹಾಕಿ, ನಿಮ್ಮ ದುಡ್ಡಲ್ಲಿ ಹಾಕಿ ಅಂದೆ. ಆವತ್ತಿಂದ ನಾನು ಕೆಟ್ಟೋನು.

ಕ್ರಿಯೆಗೆ 80 ಸಾವಿರ, ಆಸ್ಪತ್ರೆಗೆ 2 ಲಕ್ಷ, ಪ್ರೆಸ್ಸಿನ ಇಬ್ರು ಕೆಲಸದೋರಿಗೆ 60 ಸಾವಿರ, ಪೇಪರ್ ಡೀಲರ್‌ಗೆ 2.6 ಲಕ್ಷ. ಉಳಿದ 21 ಲಕ್ಷ, ತಲಾ 7 ಲಕ್ಷ, ಮೂರೂ ಜನಕ್ಕೆ ಚೆಕ್ ಬರ್ದೆ. ಮಾವನ ತಂಗಿ ಹೆಸರಿಗೆ ಮನೆ ಖಾತೆನೂ ಮಾಡಿಸ್ಕೊಟ್ಟೆ. ಮಾವ ಹೋಗಿ ಇನ್ನೂ ವರ್ಷದ ತಿಥಿ ಆಗಿರ್ಲಿಲ್ಲ.

ಆಮೇಲೆ ಇನ್‌ಕಮ್ ಟ್ಯಾಕ್ಸ್ ನೋಟಿಸ್ ಬಂತು. ಮಾವ ಸಾಯೋಕೆ ಮುಂಚೆ ಪ್ರೆಸ್ಸಿನ ಹಳೇ ಕಟ್ಟಡ 48 ಲಕ್ಷಕ್ಕೆ ಮಾರಿದ್ರು, ಆ ದುಡ್ಡಲ್ಲಿ ಬಹುಪಾಲು ಬ್ಯಾಂಕ್ ಸಾಲಕ್ಕೆ ಹೋಗಿತ್ತು, ಆದ್ರೆ ಕ್ಯಾಪಿಟಲ್ ಗೇನ್ಸ್ ತೋರಿಸಿರ್ಲಿಲ್ಲ, ಆ ವರ್ಷದ ರಿಟರ್ನೇ ಹಾಕಿಲ್ಲ. ತೆರಿಗೆ, ಬಡ್ಡಿ ಸೇರಿ 5.4 ಲಕ್ಷ. ಸತ್ತೋರ ತೆರಿಗೆ ಬಾಕಿ ಲೀಗಲ್ ರೆಪ್ರೆಸೆಂಟೇಟಿವ್ ಕಟ್ಬೇಕು, ಅಂದ್ರೆ ನಾನು. ಸಾಮಾನ್ಯವಾಗಿ ಆಸ್ತಿ ಎಷ್ಟಿದೆಯೋ ಅಷ್ಟರೊಳಗೆ ಮಾತ್ರ, ನಮ್ಮ ಕೈಯಿಂದ ಅಲ್ಲ. ಆದ್ರೆ ಬಾಕಿ ಇರುವಾಗ್ಲೇ ಆಸ್ತಿನ ಕೈಬಿಟ್ರೆ, ಕೈಬಿಟ್ಟ ಆಸ್ತಿ ಬೆಲೆಯಷ್ಟಕ್ಕೆ ವೈಯಕ್ತಿಕವಾಗಿ ನಾವೇ ಹೊಣೆ. ನಾನು 21 ಲಕ್ಷ ಕೈಬಿಟ್ಟಿದ್ದೆ. ಹಂಗಾಗಿ 5.4 ಲಕ್ಷವೂ ನನ್ನ ಮೇಲೇ.

ಇಲ್ಲೇ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಬರೀ ಆತುರ ಅಲ್ಲ ನನ್ನ ತಪ್ಪು. ಆ ಕ್ರಯಪತ್ರದ ಕಾಪಿ ಮಾವನ ಬೀರುವಿನಲ್ಲೇ ಇತ್ತು, ನಾನೇ ತೆಗೆದು ಫೈಲಿಗೆ ಹಾಕಿದ್ದೆ. ಕಟ್ಟಡ ಮಾರಾಗಿದೆ, ಈಗ ಅದು ನಮ್ಮ ಲೆಕ್ಕಕ್ಕಿಲ್ಲ ಅಂತ ಪಕ್ಕಕ್ಕಿಟ್ಟೆ, ಇದಕ್ಕೆ ತೆರಿಗೆ ಕಟ್ಟಿದಾರಾ ಅಂತ ಯೋಚ್ನೆ ಮಾಡ್ಲಿಲ್ಲ. 50 ಲಕ್ಷಕ್ಕಿಂತ ಕಮ್ಮಿ ಆಗಿದ್ರಿಂದ ಕೊಂಡೋರು ಟಿಡಿಎಸ್ ಹಿಡಿದಿರ್ಲಿಲ್ಲ, ಆದ್ರೆ ಇಷ್ಟು ದೊಡ್ಡ ಮೊತ್ತದ ರಿಜಿಸ್ಟ್ರೇಷನ್ ಸಬ್ ರಿಜಿಸ್ಟ್ರಾರ್ ಕಡೆಯಿಂದ ಇಲಾಖೆಗೆ ಹೋಗೇ ಹೋಗುತ್ತೆ, ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಕಾಣುತ್ತೆ. ಪೋರ್ಟಲ್‌ನಲ್ಲಿ ಲೀಗಲ್ ಹೇರ್ ಅಂತ ರಿಜಿಸ್ಟರ್ ಆಗಿ ಹಿಂದಿನ ವರ್ಷಗಳ ಎಐಎಸ್ ತೆಗೆದು ನೋಡಿದ್ದಿದ್ರೆ ಅಲ್ಲೇ ಸಿಕ್ತಿತ್ತು.

ಆ ಕಾಪಿ ನನ್ನ ಹತ್ರ ಇದ್ದಿದ್ದೇ ಆಮೇಲೆ ನನಗೆ ತಿರುಗುಬಾಣ ಆಯ್ತು. ಹಂಚಿದ ಮೇಲೆ ನಮಗೆ ಮೊದಲೇ ಗೊತ್ತಿಲ್ಲದ ಸಾಲ ಬಂದ್ರೆ ದುಡ್ಡು ತಗೊಂಡೋರಿಂದ ಅವರವರ ಪಾಲಿನಷ್ಟು ವಾಪಸ್ ಕೇಳೋ ಹಕ್ಕು ಕಾನೂನಲ್ಲಿದೆ. "ಮೊದಲೇ ಗೊತ್ತಿಲ್ಲದ" ಅನ್ನೋದೇ ಅಲ್ಲಿ ಮುಖ್ಯ. ಒಬ್ಳು ಕಸಿನ್ ಕೇಳಿದ ತಕ್ಷಣ 1.8 ಲಕ್ಷ ಕೊಟ್ಳು. ಇನ್ನೊಬ್ಬ ಅರ್ಧ ಕೊಟ್ಟು ಕೈ ತೊಳ್ಕೊಂಡ. ಮೂರನೆಯೋನು, ಅದೇ ನಾಮಿನಿ ಮಹಾಶಯ, ಲಾಯರ್ ಕೈಲಿ ಉತ್ತರ ಕೊಡಿಸ್ದ: ಮಾರಾಟ ನಿಮಗೆ ಗೊತ್ತಿತ್ತು, ಪತ್ರ ನಿಮ್ಮ ಫೈಲಲ್ಲೇ ಇತ್ತು, ನಾವ್ಯಾಕೆ ಕೊಡ್ಬೇಕು. ಕೇಸ್ ಹಾಕಿದ್ರೆ ಗೆಲ್ತಿದ್ನೇನೋ, ಇಷ್ಟಕ್ಕೆ ತುಮಕೂರು ಕೋರ್ಟಿಗೆ ಎಷ್ಟು ವರ್ಷ ಅಲೆಯೋದು ಅಂತ ಬಿಟ್ಟೆ.

ನಿಮ್ಮ ಕಸಿನ್ಸ್ ವಿಷಯಕ್ಕೆ ಬಂದ್ರೆ, ಸಾವಾದ ದಿನದಿಂದ ಒಂದು ವರ್ಷ ಆಗೋವರೆಗೆ ಪಾಲು ಕೊಡಲೇಬೇಕು ಅಂತ ಎಕ್ಸಿಕ್ಯೂಟರ್‌ನ ಯಾರೂ ಒತ್ತಾಯ ಮಾಡೋ ಹಾಗಿಲ್ಲ, ಅದೇ ಸಕ್ಸೆಷನ್ ಆಕ್ಟ್‌ನ ಸೆಕ್ಷನ್ 337. ಪ್ರಿಂಟ್ ತೆಗೆದು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿ, ಬೈಯ್ಕೊಳ್ಲಿ. ಆ ವರ್ಷದಲ್ಲಿ ಟ್ಯಾಕ್ಸ್ ನೋಡಿ, ದೊಡ್ಡಪ್ಪ ಯಾರಿಗಾದ್ರೂ ಜಾಮೀನು ನಿಂತಿದಾರಾ ವಿಚಾರಿಸಿ, ಸಾಲ ಕೊಟ್ಟೋರು ಬನ್ನಿ ಅಂತ ನಿಯಮದ ಪ್ರಕಾರ ಪ್ರಕಟಣೆ ಕೊಡಿಸಿ. ಹಂಗೆ ಕೊಟ್ಟು, ಹೇಳಿದ ಗಡುವು ಮುಗಿದ ಮೇಲೆ ಹಂಚಿದ್ರೆ, ಸಾಲ ಕೊಟ್ಟಿದ್ದು ನಿಮಗೆ ಗೊತ್ತೇ ಇಲ್ಲದೋನು ಆಮೇಲೆ ಬಂದ್ರೂ ನಿಮ್ಮನ್ನ ಹಿಡಿಯೋಕಾಗಲ್ಲ, ದುಡ್ಡು ತಗೊಂಡೋರ ಹಿಂದೆ ಹೋಗ್ಬೇಕು, ಅದು ಸೆಕ್ಷನ್ 360. ನಾನು ಪ್ರಕಟಣೆ ಖರ್ಚು ಉಳಿಸಿದ್ದೆ.

ಇದೆಲ್ಲ ಬೇಡಪ್ಪ ಅನ್ಸಿದ್ರೆ ಎಕ್ಸಿಕ್ಯೂಟರ್ ಆಗಲೇಬೇಕು ಅಂತೇನಿಲ್ಲ, ಒಲ್ಲೆ ಅಂತ ಬರೆದು ಸೈನ್ ಹಾಕಿ ಬಿಡಬಹುದು. ಆದ್ರೆ ಅವರ ಆಸ್ತಿಗೆ ಕೈ ಹಾಕೋ ಮೊದಲೇ ಬಿಡಿ. ಒಂದು ತಿಂಗಳಾಯ್ತು ಅಂತಿದೀರಲ್ಲ, ಇಷ್ಟರಲ್ಲಿ ಅವರ ಬಾಡಿಗೆ ಗಿಡಿಗೆ ಏನಾದ್ರೂ ವಸೂಲಿ ಮಾಡಿದೀರಾ? ಮಾಡಿದ್ರೆ ಮೊದಲು ಲಾಯರ್ ಹತ್ರ ಹೋಗಿ.