ಮೂರು ವರ್ಷದ ಡಿಗ್ರಿ ಯಾರಿಗೆ ಏನು ಹೇಳುತ್ತದೆ?

*"ಮಗಳು ಬಿ.ಎಸ್ಸಿ. ಫಿಸಿಕ್ಸ್ ಮುಗಿಸಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದಾಳೆ. ಜಾಹೀರಾತಿನಲ್ಲಿ 'ಯಾವುದೇ ವಿಷಯದಲ್ಲಿ ಪದವಿ' ಅಂತ ಇತ್ತು. ಅವಳು ಓದಿದ ಫಿಸಿಕ್ಸ್‌ನ ಒಂದಕ್ಷರವೂ ಕೌಂಟರಿನಲ್ಲಿ ಕೆಲಸಕ್ಕೆ ಬರುತ್ತಿಲ್ಲ. ಹಾಗಿದ್ದ ಮೇಲೆ ಮೂರು ವರ್ಷ ಯಾಕೆ ಓದಿಸಿದೆ? ಹಿಂದಿನ ಸಂಚಿಕೆಯಲ್ಲಿ ನೀವು 'ಡಿಗ್ರಿ ಒಂದು ಸಿಗ್ನಲ್', 'ಬೇರ್ಪಡಿಸುವ ಸಮತೋಲನ' ಅಂತೆಲ್ಲ ಬರೆದಿದ್ದಿರಿ. ತಲೆಗೆ ಹೋಗಲಿಲ್ಲ. ಲೆಕ್ಕ ಹಾಕಿ ತೋರಿಸಿ."*
*— ಒಬ್ಬ ಓದುಗರು, ತಿಪಟೂರು*

ನಮಸ್ಕಾರ ಸರ್. ಲೆಕ್ಕವನ್ನೇ ಕೇಳಿದ್ದೀರಿ, ಲೆಕ್ಕವನ್ನೇ ಹಾಕೋಣ. ಅದಕ್ಕೆ ಮೊದಲು ನಮ್ಮ ಕಚೇರಿಯ ಒಂದು ಸಂಜೆಯ ವಿಷಯ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಕರಡು ತಿದ್ದಲು ಒಬ್ಬರು ಬೇಕಾಗಿದ್ದರು. ಅರವತ್ತು ಅರ್ಜಿ ಬಂದವು. ಯಾರಿಗೆ ಕಣ್ಣು ಚುರುಕು, ಯಾರಿಗೆ ತಾಳ್ಮೆ ಇದೆ ಅಂತ ಕಾಗದ ನೋಡಿ ಹೇಗೆ ಗೊತ್ತಾಗಬೇಕು? ಎಂ.ಎ. ಆದವರನ್ನು ಬಲಕ್ಕೆ ಇಟ್ಟೆ, ಉಳಿದವರನ್ನು ಎಡಕ್ಕೆ. ಹತ್ತು ನಿಮಿಷದಲ್ಲಿ ಮುಗಿಯಿತು. ಕರಡು ತಿದ್ದುವುದನ್ನು ಎಂ.ಎ.ಯಲ್ಲಿ ಯಾರೂ ಕಲಿಸುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಹಾಗೇ ಮಾಡಿದೆ.

ಯಾಕೆ ಹಾಗೆ ಮಾಡುತ್ತೇವೆ ಎಂಬುದನ್ನು ಮೈಕೆಲ್ ಸ್ಪೆನ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1973ರ ಒಂದು ಲೇಖನದಲ್ಲಿ ಬಿಡಿಸಿಟ್ಟರು. 2001ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಅವರು ಬೇಕೆಂದೇ ಒಂದು ಕಟುವಾದ ಊಹೆ ಇಟ್ಟುಕೊಂಡರು: ಓದಿನಿಂದ ಕೆಲಸದ ಸಾಮರ್ಥ್ಯ ಒಂದಿಷ್ಟೂ ಹೆಚ್ಚುವುದಿಲ್ಲ. ಹಾಗಿದ್ದರೂ ಓದಿದವರಿಗೆ ಜಾಸ್ತಿ ಸಂಬಳ ಸಿಗಬಹುದಾ? ಸಿಗಬಹುದು ಎಂದು ತೋರಿಸಿದರು.

ಅಂಕಿಗಳು ನನ್ನವು. ಕೆಲಸ ಕೇಳಿ ಬರುವವರಲ್ಲಿ ಎರಡೇ ಬಗೆ ಎಂದುಕೊಳ್ಳಿ. ಚುರುಕಿನವರಿಂದ ಮಾಲೀಕನಿಗೆ ಒಟ್ಟು 20 ಲಕ್ಷದ ಕೆಲಸ ಆಗುತ್ತದೆ, ಸಾಧಾರಣದವರಿಂದ 10 ಲಕ್ಷದ್ದು. ತಾನು ಯಾವ ಬಗೆ ಅಂತ ಅವರಿಗೆ ಗೊತ್ತು, ಮಾಲೀಕನಿಗೆ ಗೊತ್ತಿಲ್ಲ. ಮಾಲೀಕರ ನಡುವೆ ಪೈಪೋಟಿ ಇರುವುದರಿಂದ, ಒಬ್ಬರಿಂದ ಎಷ್ಟು ಕೆಲಸ ಆಗುತ್ತದೆ ಎಂದು ನಂಬುತ್ತಾರೋ ಅಷ್ಟೇ ಸಂಬಳ ಕೊಡುತ್ತಾರೆ.

ಈಗ ಓದಿನ ಖರ್ಚು. ಫೀಸು, ಹಾಸ್ಟೆಲ್ಲು, ಆ ವರ್ಷ ದುಡಿಯದೆ ಕಳೆದುಕೊಂಡ ಸಂಬಳ, ಜೊತೆಗೆ ಓದಿನ ಕಷ್ಟ, ಎಲ್ಲವನ್ನೂ ಸೇರಿಸಿ. ಚುರುಕಿನವರಿಗೆ ವರ್ಷಕ್ಕೆ 2 ಲಕ್ಷ ಬೀಳುತ್ತದೆ. ಸಾಧಾರಣದವರು ಟ್ಯೂಷನ್‌ಗೆ ಹೋಗಬೇಕು, ಫೇಲಾದ ಪೇಪರ್ ಮತ್ತೆ ಕಟ್ಟಬೇಕು, ರಾತ್ರಿ ನಿದ್ದೆಗೆಡಬೇಕು. ಅವರಿಗೆ 4 ಲಕ್ಷ. ಇಡೀ ವಿಚಾರ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಇಬ್ಬರಿಗೂ ಒಂದೇ ಖರ್ಚಾದರೆ ಮುಂದಿನ ಯಾವುದೂ ನಡೆಯುವುದಿಲ್ಲ.

ಮೊದಲ ಹೆಜ್ಜೆ ಮಾಲೀಕನದು. "ಮೂರು ವರ್ಷ ಓದಿದವರು ಚುರುಕಿನವರು, ಓದದವರು ಸಾಧಾರಣದವರು" ಎಂದು ಅವನು ಸುಮ್ನೆ ನಂಬುತ್ತಾನೆ. ಡಿಗ್ರಿ ಇದ್ದರೆ 20 ಲಕ್ಷ, ಇಲ್ಲದಿದ್ದರೆ 10 ಎಂದು ಸಂಬಳ ಗೊತ್ತುಮಾಡುತ್ತಾನೆ.

ಎರಡನೆಯ ಹೆಜ್ಜೆ ಹುಡುಗ ಹುಡುಗಿಯರದು. ಚುರುಕಿನ ಹುಡುಗಿ ಓದಿದರೆ 20ರಲ್ಲಿ 6 ಕಳೆದು 14 ಉಳಿಯುತ್ತದೆ. ಓದದಿದ್ದರೆ 10. ಅವಳು ಓದುತ್ತಾಳೆ. ಸಾಧಾರಣ ಹುಡುಗ ಓದಿದರೆ 20ರಲ್ಲಿ 12 ಕಳೆದು 8 ಉಳಿಯುತ್ತದೆ. ಓದದಿದ್ದರೆ 10. ಅವನು ಕಾಲೇಜಿನ ಕಡೆ ಹೋಗುವುದಿಲ್ಲ. ಯಾರೂ ಅವನನ್ನು ತಡೆದಿಲ್ಲ. ತನ್ನ ಲೆಕ್ಕ ನೋಡಿಕೊಂಡು ತಾನೇ ಹಿಂದೆ ಸರಿದ.

ಮೂರನೆಯ ಹೆಜ್ಜೆ ಮತ್ತೆ ಮಾಲೀಕನದು. ಕೆಲಸಕ್ಕೆ ಸೇರಿಸಿಕೊಂಡು ನೋಡುತ್ತಾನೆ. ಡಿಗ್ರಿಯವರೆಲ್ಲ ನಿಜಕ್ಕೂ 20 ಲಕ್ಷದ ಕೆಲಸ ಮಾಡುತ್ತಿದ್ದಾರೆ, ಉಳಿದವರು 10 ಲಕ್ಷದ್ದು. ಅವನ ನಂಬಿಕೆ ಸರಿಯಾಯಿತು, ಮುಂದಿನ ವರ್ಷವೂ ಅದೇ ನಿಯಮ. ಯಾರಿಗೂ ತಮ್ಮ ನಡೆ ಬದಲಿಸುವ ಕಾರಣವಿಲ್ಲ, ಹಾಗಾಗಿ ಅದು ಸಮತೋಲನ. ಎರಡು ಬಗೆಯವರು ತಾವಾಗಿಯೇ ಬೇರೆಯಾದರು, ಹಾಗಾಗಿ ಬೇರ್ಪಡಿಸುವ ಸಮತೋಲನ. ಫಿಸಿಕ್ಸ್ ಕೌಂಟರಿಗೆ ಬೇಕಾಗಿಲ್ಲ, ಆದರೆ ಅದನ್ನು ಪಾಸು ಮಾಡಿದ್ದು ನಿಮ್ಮ ಮಗಳು ಚುರುಕಿನವಳು ಎಂದು ಮಾಲೀಕನಿಗೆ ಹೇಳಿತು. ಸಿಗ್ನಲ್ ಅಂದರೆ ಇದೇ.

ಮೂರೇ ವರ್ಷ ಯಾಕೆ? ಎರಡು ವರ್ಷ ಸಾಕು ಅಂದರೆ ಸಾಧಾರಣ ಹುಡುಗನಿಗೂ 12 ಉಳಿಯುತ್ತದೆ, ಅವನೂ ಓದಿಬಿಡುತ್ತಾನೆ, ಸಿಗ್ನಲ್ ಸತ್ತಿತು. ಐದು ವರ್ಷ ಮೀರಿದರೆ ಚುರುಕಿನವಳಿಗೂ ನಷ್ಟ. ಎರಡೂವರೆಯಿಂದ ಐದರ ನಡುವೆ ಎಷ್ಟಿದ್ದರೂ ನಡೆಯುತ್ತದೆ. ನಾಲ್ಕು ವರ್ಷ ಕೇಳಿದರೂ ಇದೇ ಇಬ್ಬರು ಹೀಗೇ ಬೇರೆಯಾಗುತ್ತಾರೆ. ಆದರೆ ನಿಮ್ಮ ಮಗಳಂಥವಳಿಗೆ ಇನ್ನೂ 2 ಲಕ್ಷ ಕೈಬಿಡುತ್ತದೆ, ಅದರಿಂದ ಯಾರಿಗೂ ಲಾಭವಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ.

ಇನ್ನೂ ಒಂದು ಮಾತು. ಡಿಗ್ರಿ ಎಂಬುದೇ ಇಲ್ಲದ ಲೋಕವೊಂದಿತ್ತು ಅನ್ನಿ. ಎರಡೂ ಬಗೆಯವರು ಅರ್ಧರ್ಧ ಇದ್ದರೆ ಮಾಲೀಕ ಎಲ್ಲರಿಗೂ ಸರಾಸರಿ 15 ಲಕ್ಷ ಕೊಡುತ್ತಿದ್ದ. ಡಿಗ್ರಿ ಬಂದ ಮೇಲೆ ಸಾಧಾರಣದವನಿಗೆ 10, ಚುರುಕಿನವಳಿಗೆ ಖರ್ಚು ಕಳೆದು 14. ಇಬ್ಬರೂ ಸೋತರು! ಆದರೆ ಇವಳೊಬ್ಬಳೇ ಓದು ಬಿಟ್ಟರೆ ಅವಳನ್ನೂ 10ರ ಸಾಲಿಗೆ ಸೇರಿಸುತ್ತಾರೆ. ಹಾಗಾಗಿ "ಯಾಕೆ ಓದಿಸಿದೆ" ಎಂದು ನೀವು ಕೊರಗಬೇಕಾಗಿಲ್ಲ. ನಿಮ್ಮ ಮನೆಯ ಲೆಕ್ಕ ಸರಿಯೇ ಇತ್ತು. (ಚುರುಕಿನವರು ನೂರಕ್ಕೆ 40ಕ್ಕಿಂತ ಕಡಿಮೆ ಇದ್ದರೆ ಸರಾಸರಿ 14ಕ್ಕಿಂತ ಕೆಳಗಿಳಿಯುತ್ತದೆ, ಆಗ ಅವರಿಗೆ ಡಿಗ್ರಿಯಿಂದ ಲಾಭವೇ.)

ಇದು ಎಲ್ಲಿ ಕೆಡುತ್ತದೆ? ಸಾಧಾರಣದವರ ಖರ್ಚು ಇಳಿದಾಗ. ಮನೆ ಹತ್ತಿರವೇ ಕಾಲೇಜು, ಪ್ರಶ್ನೋತ್ತರದ ಗೈಡು, ಸಲೀಸು ಪರೀಕ್ಷೆ ಬಂದು ಅವರಿಗೆ ವರ್ಷಕ್ಕೆ 3 ಲಕ್ಷವೇ ಸಾಕಾಯಿತು ಅನ್ನಿ. ಮೂರು ವರ್ಷ ಓದಿದರೂ 11 ಉಳಿಯುತ್ತದೆ, 10ಕ್ಕಿಂತ ಜಾಸ್ತಿ. ಎಲ್ಲರೂ ಪದವೀಧರರಾಗುತ್ತಾರೆ. ಮಾಲೀಕನ ನಂಬಿಕೆ ಸುಳ್ಳಾಗುತ್ತದೆ, ಅವನು ನಾಲ್ಕೈದು ವರ್ಷದ ಓದು ಕೇಳಲು ಶುರು ಮಾಡುತ್ತಾನೆ. ಕೆಲಸ ಬದಲಾಗದೆ ಅರ್ಹತೆ ಮಾತ್ರ ಮೇಲೇರಿದರೆ ಇದು ನಡೆಯುತ್ತಿದೆ ಎಂದು ಅನುಮಾನಿಸಬಹುದು.

ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. ಬಡ ಮನೆಯ ಚುರುಕು ಹುಡುಗಿಯನ್ನು ನೆನೆಸಿಕೊಳ್ಳಿ. ಪಾಠ ಅವಳಿಗೆ ಸಲೀಸು. ಆದರೆ ಸಾಲದ ಬಡ್ಡಿ, ದಿನಾ ಎರಡು ಬಸ್ಸು, ಮನೆಗೆ ಬೇಕಾದ ಕೂಲಿ ಸೇರಿ ಅವಳಿಗೂ ವರ್ಷಕ್ಕೆ 4 ಲಕ್ಷವೇ ಆಗುತ್ತದೆ. ಅವಳೂ ಓದು ಬಿಡುತ್ತಾಳೆ, ಸಾಧಾರಣದವಳು ಎಂದು ಬರೆಸಿಕೊಳ್ಳುತ್ತಾಳೆ. ಡಿಗ್ರಿ ಆಗ ಅಳೆಯುವುದು ಚುರುಕನ್ನಲ್ಲ, ಅಪ್ಪನ ಜೇಬನ್ನು. ವಿದ್ಯಾರ್ಥಿವೇತನ ಈ ಲೆಕ್ಕವನ್ನೇ ಸರಿಮಾಡುತ್ತದೆ.

ನಿಜ ಜೀವನದಲ್ಲಿ ಓದು ಬರೀ ಸಿಗ್ನಲ್ ಅಲ್ಲ, ಕಲಿಸುತ್ತದೆ ಕೂಡ. ಎಷ್ಟು ಕಲಿಕೆ, ಎಷ್ಟು ಸಿಗ್ನಲ್ ಎಂದು ಬೇರೆ ಮಾಡುವುದು ಕಷ್ಟ. ಟೆಕ್ಸಾಸ್‌ನಲ್ಲಿ ಹೈಸ್ಕೂಲಿನ ಕೊನೆಯ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ಪಾಸಾದವರನ್ನೂ ಫೇಲಾದವರನ್ನೂ ಹೋಲಿಸಿ 2014ರಲ್ಲಿ ಒಂದು ಅಧ್ಯಯನ ಬಂತು. ಕಲಿತದ್ದು ಇಬ್ಬರದೂ ಹೆಚ್ಚುಕಡಿಮೆ ಒಂದೇ, ಸರ್ಟಿಫಿಕೇಟು ಮಾತ್ರ ಬೇರೆ. ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕಾಗದದ ತೂಕ ಕಡಿಮೆಯೇ ಇತ್ತು. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಕೆಲಸದ ವರ್ಷಗಳು ಹೆಚ್ಚಿದಂತೆ ಸಂಬಳದಲ್ಲಿ ಓದಿನ ತೂಕ ಇಳಿದು, ನಿಜವಾದ ಸಾಮರ್ಥ್ಯದ ತೂಕ ಏರಿದ್ದು ಕಂಡಿತು. ಮಾಲೀಕ ಕಣ್ಣಾರೆ ನೋಡಿದ ಮೇಲೆ ಸಿಗ್ನಲ್ ಯಾಕೆ ಬೇಕು, ಅಲ್ವಾ?

ಕಳೆದ ತಿಂಗಳು ನಮಗೆ ಮತ್ತೊಬ್ಬರು ಕರಡು ತಿದ್ದುವವರು ಬೇಕಾದರು. ಈ ಸಲ ಅರ್ಜಿಗಳನ್ನು ಬಲಕ್ಕೂ ಎಡಕ್ಕೂ ಇಡಲಿಲ್ಲ. ಇಪ್ಪತ್ತು ತಪ್ಪುಗಳಿರುವ ಒಂದು ಪುಟ ಅಚ್ಚು ಹಾಕಿಸಿ ಎಲ್ಲರ ಕೈಗೂ ಕೊಟ್ಟೆವು, ಅರ್ಧ ಗಂಟೆ ಸಮಯ. ಹತ್ತೊಂಬತ್ತು ತಪ್ಪು ಹಿಡಿದವರು ಪಿಯುಸಿ ಮಾತ್ರ ಓದಿದ ಒಬ್ಬ ಹೆಣ್ಣುಮಗಳು. ಈ ಸಂಚಿಕೆಯ ಕರಡು ತಿದ್ದಿದ್ದು ಅವರೇ.

— ಸಂಪಾದಕ